36 ಲಕ್ಷ ಕೇಳಿ ಕಂಗೆಟ್ಟ ಗೆಳೆಯನಿಗೆ

ಮಾರಾಯ,

ಕಾಲೇಜಿನ ಗ್ರೂಪಿನಲ್ಲಿ ಸಾಫ್ಟ್‌ವೇರಿನಲ್ಲಿರುವ ನಮ್ಮ ಗೆಳೆಯ ತನ್ನ ಹೊಸ ಆಫರ್ ವರ್ಷಕ್ಕೆ ‘36 ಲಕ್ಷ’ ಅಂತ ಹಾಕಿದಾಗಿನಿಂದ ದಾವಣಗೆರೆಯ ಕೆಲಸವೇ ಸಪ್ಪೆ ಅನಿಸುತ್ತಿದೆ ಎಂದು ಬರೆದಿದ್ದೀಯ. ಮೊನ್ನೆ ಮೊನ್ನೆ ರಾತ್ರೋರಾತ್ರಿ ಟ್ರಾನ್ಸ್‌ಫಾರ್ಮರ್ ಸರಿಮಾಡಿ ಕರೆಂಟು ಕೊಟ್ಟ ಕಥೆಯನ್ನು ಫೋನಿನಲ್ಲಿ ಕೊರೆದವನೂ ನೀನೇ!

ಎಚ್‌ಆರ್‌ನಲ್ಲಿ ಆಫರ್ ಲೆಟರ್ ತಯಾರಿಸುವುದೇ ನನ್ನ ಕೆಲಸ. ಅವನ ಪತ್ರ ನಾನು ನೋಡಿಲ್ಲ, ಆದರೆ 36 ಅನ್ನುವುದು ಸಾಮಾನ್ಯವಾಗಿ ಹೀಗಿರುತ್ತದೆ: ನಾಲ್ಕು ವರ್ಷದಲ್ಲಿ ಕಂತುಕಂತಾಗಿ ಸಿಗುವ ಷೇರುಗಳ ಒಂದು ವರ್ಷದ ಪಾಲು 7 ಲಕ್ಷ. ಕಂಪನಿ ಚೆನ್ನಾಗಿ ನಡೆದರೆ ಬರುವ ವೇರಿಯಬಲ್ 3 ಲಕ್ಷ. ಒಂದೇ ಸಲ ಕೊಡುವ ಜಾಯ್ನಿಂಗ್ ಬೋನಸ್ 2 ಲಕ್ಷ. ಉಳಿದದ್ದು 24. ಅದರೊಳಗೇ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಕೂತಿರುತ್ತವೆ. ಅವನ್ನು, ಅವನ ಪಾಲಿನ ಪಿಎಫ್ ಮತ್ತು ತೆರಿಗೆಯನ್ನು ಕಳೆದರೆ ತಿಂಗಳಿಗೆ ಕೈಗೆ ಬರುವುದು ಒಂದೂವರೆ ಲಕ್ಷದ ಆಸುಪಾಸು. ನೀನು ಮನಸ್ಸಿನಲ್ಲೇ 36ನ್ನು ಹನ್ನೆರಡರಿಂದ ಭಾಗಿಸಿ ಮೂರು ಲಕ್ಷ ಅಂದುಕೊಂಡು, ಅದನ್ನು ನಿನ್ನ ಪಾಸ್‌ಬುಕ್ಕಿನ ಪಕ್ಕ ಇಟ್ಟು ನೋಡಿದ್ದೀಯ.

ಇನ್ನೊಬ್ಬ ‘ವೈಸ್ ಪ್ರೆಸಿಡೆಂಟ್’ ಆದನಲ್ಲ, ವಿದೇಶಿ ಬ್ಯಾಂಕುಗಳ ಬೆಂಗಳೂರು ಕಚೇರಿಗಳಲ್ಲಿ ಅದೊಂದು ಗ್ರೇಡು ಅಷ್ಟೆ. ಒಂದೇ ಮಹಡಿಯಲ್ಲಿ ಎಷ್ಟೋ ಜನ ಇರುತ್ತಾರೆ, ಕೆಲವರ ಕೈಕೆಳಗೆ ಒಬ್ಬರೂ ಇರುವುದಿಲ್ಲ.

ಇಷ್ಟಾದರೂ ಆ 36 ಲಕ್ಷದವನ ಕೈಗೆ ಬರುವ ಒಂದೂವರೆ ಲಕ್ಷ ನಿನ್ನ ಸಂಬಳಕ್ಕಿಂತ ಹೆಚ್ಚೇ. ಲೆಕ್ಕ ತಿಳಿದ ಮಾತ್ರಕ್ಕೆ ಹೊಟ್ಟೆಯುರಿ ಪೂರ್ತಿ ಆರುವುದಿಲ್ಲ, ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ ಒಂದು ಪತ್ರಿಕೆ ಸರ್ಕಾರಿ ನೌಕರರ ಸಂಬಳವನ್ನೆಲ್ಲ ವೆಬ್‌ಸೈಟಿಗೆ ಹಾಕಿತ್ತು. ನಾಲ್ವರು ಅರ್ಥಶಾಸ್ತ್ರಜ್ಞರು ಅಲ್ಲಿನ ವಿಶ್ವವಿದ್ಯಾಲಯದ ನೌಕರರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಆ ಸೈಟಿನ ಸುದ್ದಿ ತಿಳಿಸಿದರು; ಕೆಲವು ದಿನಗಳ ನಂತರ ಎಲ್ಲರನ್ನೂ ಕೆಲಸದ ಬಗ್ಗೆ ವಿಚಾರಿಸಿದರು. 2012ರಲ್ಲಿ ಅದು ಪ್ರಕಟವಾಯಿತು. ಸುದ್ದಿ ತಿಳಿದವರ ಪೈಕಿ, ತಮ್ಮ ವಿಭಾಗದಲ್ಲಿ ತಮ್ಮಂಥದೇ ಕೆಲಸದವರ ನಡುಮಟ್ಟಕ್ಕಿಂತ ಕಡಿಮೆ ಸಂಬಳ ಇದ್ದವರ ತೃಪ್ತಿ ಇಳಿದಿತ್ತು, ಬೇರೆ ಕೆಲಸ ಹುಡುಕುವ ಯೋಚನೆ ಹೆಚ್ಚಿತ್ತು. ಹೆಚ್ಚು ಸಂಬಳದವರಿಗೆ? ಏನೂ ಆಗಲಿಲ್ಲ, ಖುಷಿಯೂ ಹೆಚ್ಚಲಿಲ್ಲ. ಅಂದರೆ ಹೋಲಿಸಿ ಸೋತರೆ ನಷ್ಟ ಗ್ಯಾರಂಟಿ, ಗೆದ್ದರೆ ಲಾಭವಿಲ್ಲ. ಇಂಥ ಜೂಜನ್ನು ಯಾರಾದರೂ ಆಡುತ್ತಾರಾ? ನಾವು ದಿನಾ ಆಡುತ್ತೇವೆ, ಅದೂ ಗ್ರೂಪಿನಲ್ಲಿ. ಅಲ್ಲಿ ಸಂಬಳ ಹೇಳುವವರು ಹೆಚ್ಚು ಪಡೆಯುವವರೇ. ಉಳಿದವರು ‘ಕಂಗ್ರಾಟ್ಸ್’ ಹಾಕಿ ಸುಮ್ಮನಾಗುತ್ತಾರೆ.

ಹೋಲಿಕೆಯೇ ಬೇಡ ಅನ್ನುತ್ತಿಲ್ಲ. ಆದರೆ ಸಾಫ್ಟ್‌ವೇರಿನವನ ಸಂಬಳದಿಂದ ನಿನ್ನ ಕೆಲಸದ ಬೆಲೆ ತಿಳಿಯದು. ಸಬ್‌ಸ್ಟೇಷನ್ ನೋಡಿಕೊಳ್ಳುವ, ನಿನ್ನಷ್ಟೇ ಅನುಭವದ ಮೂರು ನಾಲ್ಕು ಜನರನ್ನು ಕೇಳು. ಆ 36ರಂತೆ ಎಲ್ಲವನ್ನೂ ಸೇರಿಸಿ ಹೇಳುವ ಸಿಟಿಸಿ ಬೇಡ, ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಕೇಳು. ನಿನಗೇ ಕಡಿಮೆ ಅಂತ ಕಂಡರೆ ಅದು ಹೊಟ್ಟೆಕಿಚ್ಚಲ್ಲ, ನ್ಯಾಯವಾದ ತಕರಾರು. ಆಗ ಅಪ್ರೈಸಲ್‌ಗೆ ಮುಂಚೆ ಫೋನ್ ಮಾಡು, ಬಾಸ್ ಮುಂದೆ ಹೇಗೆ ಕೇಳಬೇಕು ಅಂತ ಕೂತು ಬರೆಯೋಣ.

ನಿನ್ನ ಗೆಳೆಯ