ಅಂಗಡಿಯ ದುಡ್ಡು, ಮನೆಯ ದುಡ್ಡು

ಪ್ರೀತಿಯ ಸುಮಾ,

ನಿನ್ನ ಕಾಗದದ ಉಳಿದ ವಿಷಯವೆಲ್ಲ ನಿಮ್ಮಮ್ಮ ಆಗಲೇ ಫೋನಿನಲ್ಲಿ ಹೇಳಿದ್ದಳು. ಕೊನೆಯ ಸಾಲು ಮಾತ್ರ ಹೇಳಿರಲಿಲ್ಲ. "ಮಾವ, ವರ್ಷವೆಲ್ಲ ದುಡಿದರೂ 60 ಸಾವಿರ ನಷ್ಟ. ನನ್ನ ಅಂಗಡಿಯನ್ನು ನಾನೇ ತಿನ್ನುತ್ತಿದ್ದೇನಾ?" ಅಂತ ಬರೆದಿದ್ದೀಯ. ರಾತ್ರಿ ಅದೇ ತಲೆಯಲ್ಲಿ ಓಡುತ್ತಿತ್ತು. ಬೆಳಿಗ್ಗೆ ಎದ್ದು ನೀನು ಕಳಿಸಿದ ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಕೂತೆ.

ಖರ್ಚಿನ ಪಟ್ಟಿಯಲ್ಲಿ "ಸಂಬಳ, ಸುಮಾ" ಅಂತ ತಿಂಗಳಿಗೆ 30 ಸಾವಿರ ಇದೆ. ವರ್ಷಕ್ಕೆ 3.6 ಲಕ್ಷ ಆಯಿತು. ಬಾಡಿಗೆಯ ಸಾಲಿನಲ್ಲಿ ಅಂಗಡಿ ಬಾಡಿಗೆಯ ಜೊತೆ ಮನೆ ಬಾಡಿಗೆ 1.2 ಲಕ್ಷವೂ ಸೇರಿಕೊಂಡಿದೆ. ಮಗುವಿನ ಫೀಸು 60 ಸಾವಿರ "ಇತರೆ ಖರ್ಚು" ಅಂತ ಕೂತಿದೆ. ಒಟ್ಟು 5.4 ಲಕ್ಷ. ಇದರಲ್ಲಿ ಒಂದು ಪೈಸೆಯೂ ಅಂಗಡಿಯ ಖರ್ಚಲ್ಲ ಕಣೇ. ಒಬ್ಬರೇ ಮಾಲೀಕರಿರುವ ವ್ಯಾಪಾರದಲ್ಲಿ ಮಾಲೀಕರಿಗೆ ಸಂಬಳ ಅನ್ನುವುದೇ ಇಲ್ಲ. ನಿನಗೆ ನೀನೇ ಸಂಬಳ ಕೊಡುವುದು ಹೇಗೆ? ನೀನು ತೆಗೆದದ್ದೆಲ್ಲ ಡ್ರಾಯಿಂಗ್ಸ್. ಅದು ಲಾಭದಿಂದ ಕಳೆಯುವುದಿಲ್ಲ, ನಿನ್ನ ಬಂಡವಾಳದಿಂದ ಕಳೆಯುತ್ತದೆ.

ಆ 5.4 ಲಕ್ಷವನ್ನು ಖರ್ಚಿನಿಂದ ಎತ್ತಿಬಿಡು. 60 ಸಾವಿರ ನಷ್ಟ ಹೋಗಿ 4.8 ಲಕ್ಷ ಲಾಭ ಕಾಣುತ್ತದೆ. ಅಂಗಡಿ ನಿನ್ನನ್ನು ಕೈಬಿಟ್ಟಿಲ್ಲ. ಆದರೆ ಪೂರ್ತಿ ಸಮಾಧಾನ ಹೇಳಲೂ ನನಗೆ ಮನಸ್ಸು ಬರುತ್ತಿಲ್ಲ. ವರ್ಷದ ಶುರುವಿನಲ್ಲಿ ಬಂಡವಾಳ 8 ಲಕ್ಷ ಇತ್ತು. ಲಾಭ 4.8 ಕೂಡಿಸಿ 5.4 ಕಳೆದರೆ ಉಳಿಯುವುದು 7.4 ಲಕ್ಷ. ನಿನ್ನ ಹಳೆಯ ಲೆಕ್ಕದಲ್ಲೂ 8 ಲಕ್ಷದಲ್ಲಿ 60 ಸಾವಿರ ನಷ್ಟ ಕಳೆದು ಅದೇ 7.4 ಬರುತ್ತದೆ. ಕೊನೆಯ ಅಂಕಿ ಒಂದೇ, ಕಾರಣ ಬೇರೆ. ವ್ಯಾಪಾರ ಸೋತಿಲ್ಲ. ಅದು ದುಡಿದದ್ದಕ್ಕಿಂತ ಮನೆ ತಿಂಗಳಿಗೆ 5 ಸಾವಿರ ಜಾಸ್ತಿ ತೆಗೆದಿದೆ. ತಿನ್ನುತ್ತಿದ್ದೇನಾ ಅಂತ ಕೇಳಿದೆಯಲ್ಲ, ಹೌದು, ಅಷ್ಟು ಮಟ್ಟಿಗೆ ತಿಂದಿದ್ದೀಯ. ಕೈಗೆ ಸಿಗದಷ್ಟು ದೊಡ್ಡದೇನಲ್ಲ.

ತೆರಿಗೆಯ ಲೆಕ್ಕ ಹಾಕುವುದೂ 4.8 ಲಕ್ಷ ಲಾಭ ನೋಡಿಯೇ. ನೀನು ಎಷ್ಟು ತೆಗೆದೆ ಅಂತ ಅದು ಕೇಳುವುದಿಲ್ಲ. ನಷ್ಟ ಅಂತ ಲೆಕ್ಕ ಒಪ್ಪಿಸಿದ್ದರೆ ಮುಂದೆ ಉತ್ತರ ಹೇಳಬೇಕಾಗುತ್ತಿತ್ತು. ನಿನ್ನ ಆದಾಯ ತೆರಿಗೆಯನ್ನು ಅಂಗಡಿ ಖಾತೆಯಿಂದ ಕಟ್ಟಿದರೆ ಅದೂ ಡ್ರಾಯಿಂಗ್ಸೇ.

ನಾನು ಮೊದಲು ಲೆಕ್ಕ ಬರೆಯುತ್ತಿದ್ದ ಅಂಗಡಿಯ ಕಥೆ ನಿನಗೆ ಗೊತ್ತಿಲ್ಲ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಾಲೀಕರು ಬೇಕಾದ ಸಾಮಾನನ್ನು ಮನೆಗೆ ಕಳಿಸುತ್ತಿದ್ದರು, ಚೀಟಿಯೂ ಇಲ್ಲ, ಬರಹವೂ ಇಲ್ಲ. ಮಾರಾಟ ಚೆನ್ನಾಗಿತ್ತು, ಬೆಲೆ ಬದಲಾಗಿರಲಿಲ್ಲ, ಆದರೂ ನೂರಕ್ಕೆ ಸಿಗುತ್ತಿದ್ದ ಲಾಭ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಕೊನೆಗೆ ಅನುಮಾನ ಬಿದ್ದದ್ದು ಕೆಲಸದ ಹುಡುಗನ ಮೇಲೆ. ಅವನನ್ನು ಕಳಿಸಿಬಿಟ್ಟರು. ಮುಂದಿನ ವರ್ಷವೂ ಲಾಭ ಇಳಿದೇ ಇತ್ತು. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಮಗುವಿಗೆ ನೋಟ್‌ಬುಕ್ ಒಯ್ದರೂ ಬರೆದಿಡು. ಮಾರುವ ಬೆಲೆ ಬೇಡ, ಕೊಂಡ ಬೆಲೆಗೆ ಬರೆ. ಖರೀದಿಯಿಂದ ಅಷ್ಟು ಕಳೆದು ಡ್ರಾಯಿಂಗ್ಸ್‌ಗೆ ಹಾಕು.

ಇನ್ನು ಮುಂದಿನದು. ನನ್ನ ಮಾತು ಹಳೆಯ ಕಾಲದ್ದು ಅನ್ನಿಸಿದರೆ ಬಿಡು. ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು, ಅಂಗಡಿ ಖಾತೆಯಿಂದ ನಿನ್ನ ಸ್ವಂತ ಖಾತೆಗೆ ಒಂದೇ ಸಲ ದುಡ್ಡು ಹಾಕಿಕೋ. ಬಾಡಿಗೆ, ಫೀಸು ಎಲ್ಲ ಅಲ್ಲಿಂದಲೇ ಹೋಗಲಿ. ಲಾಭ 4.8 ಲಕ್ಷ ಅಂದರೆ ತಿಂಗಳಿಗೆ 40 ಸಾವಿರ. ತೆರಿಗೆ ಬರುವುದಿದ್ದರೆ ಅದರಲ್ಲೇ ಎತ್ತಿಡಬೇಕು. ಅಂಗಡಿ ಸಾಲದ ಅಸಲೂ ಅದರಲ್ಲೇ ಹೋಗಬೇಕು, ಯಾಕೆಂದರೆ ಬಡ್ಡಿ ಮಾತ್ರ ಖರ್ಚು, ಅಸಲು ಲಾಭದ ಲೆಕ್ಕಕ್ಕೆ ಬರುವುದೇ ಇಲ್ಲ. ಉಳಿದದ್ದು ಮನೆಗೆ. ಈಗ ತೆಗೆಯುತ್ತಿರುವ 45 ಸಾವಿರ ಸಾಗುವುದಿಲ್ಲ ಅಂತ ಹೇಳುವುದಕ್ಕೆ ನನಗೇ ಕಷ್ಟವಾಗುತ್ತಿದೆ.

ಒಂದೊಂದು ಸಲ ಮನೆ ಖರ್ಚು ಅಂಗಡಿ ಖಾತೆಯಿಂದ ಹೋಗಿಬಿಡುತ್ತದೆ, ಆಗಲಿ. ಆವತ್ತೇ ಡ್ರಾಯಿಂಗ್ಸ್ ಅಂತ ಬರೆದುಬಿಡು. ಕೈಯಿಂದ ಅಂಗಡಿಗೆ ದುಡ್ಡು ಹಾಕಿದರೆ ಬಂಡವಾಳ ಅಂತ ಬರೆ. ಮಾರಾಟಕ್ಕೆ ಸೇರಿಸಿದೆಯೋ, ಇಲ್ಲದ ಲಾಭವೂ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಫೋನ್ ಬಿಲ್ ಅಂಗಡಿಗೂ ಮನೆಗೂ ಸೇರಿದ್ದು, ಏನು ಮಾಡಲಿ ಅಂತ ನೀನು ಕೇಳಿದ್ದೆ. ಒಂದು ತಿಂಗಳ ಕರೆಗಳನ್ನು ನೋಡಿ ಅಂಗಡಿಯ ಪಾಲು ಎಷ್ಟು ಅಂತ ಗುರುತು ಹಾಕು, ಆ ಪಾಲು ಮಾತ್ರ ಖರ್ಚಿಗೆ ಹಾಕು. ಹೇಗೆ ಲೆಕ್ಕ ಹಾಕಿದೆ ಅಂತ ಅದೇ ಕಡತದಲ್ಲಿ ಒಂದು ಚೀಟಿ ಇಟ್ಟಿರು. ತಿದ್ದಿದ ಲೆಕ್ಕವನ್ನು ಒಪ್ಪಿಸುವ ಮೊದಲು ನನಗೊಮ್ಮೆ ಕಳಿಸು.

ನಿನ್ನ ಮಾವ