ಒಂಬತ್ತರಿಂದ ಭಾಗಿಸಿ ಮಾರಾಯ್ರೆ!

ಸರ್, ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ನೀವು ಬೈದದ್ದಿಲ್ಲ. ‘ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ಮಾರಾಯ್ರೆ’ ಎನ್ನುತ್ತಿದ್ದಿರಿ. ನಗದು 2,700 ರೂಪಾಯಿ ಹೆಚ್ಚಿದೆ ಎನ್ನಿ. ಭಾಗಿಸಿದರೆ ಶೇಷವಿಲ್ಲದೆ 300. ಹಾಗಾದರೆ ಸಾವಿರದ, ನೂರರ ಅಂಕಿಗಳು ಅದಲುಬದಲಾಗಿರಬಹುದು; ಅವುಗಳ ನಡುವಿನ ಅಂತರ ಮೂರು. ಚಲನ್ ಕಟ್ಟು ತಿರುವಿದರೆ 8,500ರ ಜಮೆಯನ್ನು 5,800 ಎಂದು ಒತ್ತಿದ್ದು ಸಿಗುತ್ತಿತ್ತು. ಸೊನ್ನೆ ತಪ್ಪಿದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ, ಅದಕ್ಕೇ ‘ಸೊನ್ನೆಯನ್ನೂ ನೋಡಿ’ ಎನ್ನುತ್ತಿದ್ದಿರಿ.

ಭಾಗವಾಗದಿದ್ದರೆ ಅರ್ಧ ಮೊತ್ತದ ಚೀಟಿ ಹುಡುಕಾಟ: ಪಾವತಿಯನ್ನು ಜಮೆ ಎಂದು ಹಾಕಿದರೆ ವ್ಯತ್ಯಾಸ ಇಮ್ಮಡಿಯಾಗುತ್ತದಲ್ಲ! ಅದೂ ಸಿಗದಿದ್ದರೆ ಎಲ್ಲ ಕಟ್ಟು ಬಿಚ್ಚಿ ಮರುಎಣಿಕೆ. ಆಗಷ್ಟೇ ಗೋಳಿಬಜೆ ಬರುತ್ತಿತ್ತು, ಎಣ್ಣೆ ಕೈ ನೋಟಿಗೆ ತಾಗಬಾರದೆಂಬ ಷರತ್ತಿನೊಂದಿಗೆ.

ಉಡುಪಿಯ ಕೊನೆಯ ಬಸ್ಸು ತಪ್ಪದಂತೆ ಕಾಪಾಡಿದ್ದಕ್ಕೆ, ಕಿರಿಯರೆಲ್ಲರ ಪರವಾಗಿ ಧನ್ಯವಾದ ಸರ್.