‘ಧರ್ಮ’ಕ್ಕೆ ಒಂದೇ ಖಾನೆಯಂತೆ!

ಮಾನ್ಯ ಸಂಪಾದಕರೇ,

ನಿನ್ನೆಯ ಸಂಚಿಕೆಯ ಮೂರನೆಯ ಪುಟದಲ್ಲಿ ‘ಭಾಷಾಂತರದಲ್ಲಿ ಇನ್ನು ಏಕರೂಪತೆ’ ಎಂಬ ತಲೆಬರಹದೊಂದಿಗೆ ಬಂದಿರುವ ವರದಿಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಒಂದು ಕನ್ನಡ ಪದಕ್ಕೆ ಒಂದೇ ಇಂಗ್ಲಿಷ್ ಪದ ಎಂಬ ಹೊಸ ಪಟ್ಟಿಯಿಂದ ಗೊಂದಲಗಳೆಲ್ಲ ತೀರಲಿವೆ ಎಂದು ಸರ್ಕಾರಿ ಕಚೇರಿಯ ಅಧಿಕಾರಿಗಳು ಹೇಳಿದ್ದನ್ನು ನಿಮ್ಮ ವರದಿಗಾರರು ಹೇಳಿದಂತೆಯೇ ಅಚ್ಚು ಹಾಕಿದ್ದಾರೆ. ಆ ಪಟ್ಟಿಯ ಮೊದಲ ಬಲಿ ನಾನೇ ಆಗಿರುವುದರಿಂದ, ವರದಿಯಲ್ಲಿ ಬಾರದ ಸಂಗತಿಗಳನ್ನು ತಿಳಿಸುವುದು ನನ್ನ ಧರ್ಮ ಎಂದುಕೊಂಡಿದ್ದೇನೆ. (ಈ ವಾಕ್ಯದ ಕೊನೆಯ ಪದವನ್ನು ಪಟ್ಟಿಯ ಪ್ರಕಾರ ‘ರಿಲಿಜನ್’ ಎಂದು ಓದಿಕೊಳ್ಳತಕ್ಕದ್ದು.)

ಶಾಸನಗಳ ಪ್ರದರ್ಶನಕ್ಕಾಗಿ ‘ಧರ್ಮ’ ಎಂಬ ಪದದ ಬಗೆಗಿನ ನಾಲ್ಕು ಪುಟಗಳ ಕನ್ನಡ ಬರಹವೊಂದನ್ನು ಇಂಗ್ಲಿಷಿಗೆ ಮಾಡಿಕೊಡಿ ಎಂದು ಕೇಳಿಕೊಂಡವರು ಅದೇ ಕಚೇರಿಯವರು. ನಾನು ಮೂಲಪದವನ್ನು ಹಾಗೆಯೇ ಉಳಿಸಿ, ಅದು ಮೊದಲು ಬಂದ ಕಡೆ ಮೂರು ಸಾಲಿನ ವಿವರಣೆ ಕೊಟ್ಟು, ಮುಂದೆ ಅರ್ಥ ಹೊರಳಿದ ಕಡೆಗಳಲ್ಲೆಲ್ಲ ಒಂದೊಂದು ಮಾತು ಸೇರಿಸಿದ್ದೆ. ಹತ್ತು ದಿನಗಳ ಮೇಲೆ ಪ್ರತಿ ಹಿಂದಕ್ಕೆ ಬಂತು. ಇಪ್ಪತ್ತಾರು ಕಡೆ ‘ಧರ್ಮ’ವನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ ‘ರಿಲಿಜನ್’ ಎಂದು ಬರೆಯಲಾಗಿತ್ತು. ವಿವರಣೆಯ ಮೂರು ಸಾಲುಗಳ ಪಕ್ಕದಲ್ಲಿ ‘ಅನಗತ್ಯ’ ಎಂಬ ಷರಾ ಇತ್ತು. ವಿಚಾರಿಸಲು ಹೋದರೆ ಮೊದಲ ದಿನ ಸಂಬಂಧಪಟ್ಟವರು ಸಭೆಯಲ್ಲಿದ್ದರು, ಎರಡನೆಯ ದಿನ ಸಭೆ ಮುಗಿಸಿ ಊಟಕ್ಕೆ ಹೋಗಿದ್ದರು. ಮೂರನೆಯ ದಿನ ಬೆಂಚಿನ ಮೇಲೆ ಎರಡೂವರೆ ಗಂಟೆ ಕಾದ ಬಳಿಕ ಒಬ್ಬ ಗುಮಾಸ್ತರು ಕರುಣೆಯಿಂದ, “ಸಾರ್, ನೀವು ಹೇಳೋದೆಲ್ಲ ಸರಿ ಇರಬಹುದು, ಆದರೆ ನಮ್ಮ ಪಟ್ಟಿಯಲ್ಲಿ ಪದದ ಎದುರಿಗೆ ಇರೋದು ಒಂದೇ ಖಾನೆ” ಎಂದರು. ಸಾವಿರಾರು ವರ್ಷಗಳಿಂದ ಪಂಡಿತರು ತಲೆ ಕೆಡಿಸಿಕೊಂಡ ಪ್ರಶ್ನೆ ಖಾನೆಯ ಅಗಲದಿಂದ ತೀರ್ಮಾನವಾಗಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕೆಂಪು ಶಾಯಿಯ ಫಲ ಏನಾಯಿತೆಂದು ನೋಡಿ. ‘ಸುಡುವುದು ಬೆಂಕಿಯ ಧರ್ಮ’ ಎಂಬ ವಾಕ್ಯವಿತ್ತು. ಈಗ ಸುಡುವುದು ಬೆಂಕಿಯ ರಿಲಿಜನ್ ಆಗಿದೆ. ವಸ್ತುವಿನ ಸ್ವಭಾವಕ್ಕೆ ನಾವು ‘ಗುಣಧರ್ಮ’ ಎನ್ನುವುದನ್ನು ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದದೆ ಇವರು ನೌಕರಿಗೆ ಬಂದಿರಲಾರರು. ಜೈನರ ತತ್ತ್ವವನ್ನು ಹೇಳುವ ಭಾಗದಲ್ಲಂತೂ ಅನಾಹುತವೇ ನಡೆದಿದೆ. ಅಲ್ಲಿ ಧರ್ಮ ಮತ್ತು ಅಧರ್ಮ ಎಂಬುವು ಎರಡು ದ್ರವ್ಯಗಳು. ಮೀನು ಈಜುವುದಕ್ಕೆ ನೀರು ಹೇಗೆ ಆಸರೆಯೋ ಹಾಗೆ ಜೀವ ಮತ್ತು ಜಡಗಳ ಚಲನೆಗೆ ಆಸರೆಯಾಗುವುದು ಧರ್ಮ. ದಾರಿಹೋಕನಿಗೆ ನಿಲ್ಲಲು ಮರದ ನೆರಳು ಒದಗುವಂತೆ ನಿಲುಗಡೆಗೆ ಒದಗುವುದು ಅಧರ್ಮ. ಇಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ತಿದ್ದಿದ ಪ್ರತಿಯ ಪ್ರಕಾರ ಮರದಡಿ ವಿಶ್ರಮಿಸುವವನು ಮತವಿರೋಧಿ.

ಇವೆಲ್ಲ ತಾಂತ್ರಿಕ ಪ್ರಯೋಗಗಳು, ಸಾಮಾನ್ಯ ಬಳಕೆಯ ಅರ್ಥ ಒಂದೇ ಅಲ್ಲವೇ ಎಂದು ಮೇಲಧಿಕಾರಿಗಳು ಕೇಳಿದರು. ಹಾಗಾದರೆ ಎಲ್ಲರಿಗೂ ಪರಿಚಿತವಾದ ಭಗವದ್ಗೀತೆಯನ್ನೇ ತೆಗೆದುಕೊಳ್ಳೋಣ. ನನ್ನ ನಾಲ್ಕು ಪುಟಗಳಲ್ಲಿ ಒಂದೂವರೆ ಪುಟ ಅದರ ಬಗ್ಗೆಯೇ ಇತ್ತು. ಎರಡನೆಯ ಅಧ್ಯಾಯದ 31ನೆಯ ಶ್ಲೋಕದಲ್ಲಿ ಕೃಷ್ಣನು ಅರ್ಜುನನಿಗೆ, ನಿನ್ನ ‘ಸ್ವಧರ್ಮ’ವನ್ನು ನೋಡಿಯಾದರೂ ನೀನು ನಡುಗಬಾರದು, ಕ್ಷತ್ರಿಯನಿಗೆ ‘ಧರ್ಮ್ಯ’ವಾದ ಯುದ್ಧಕ್ಕಿಂತ ಶ್ರೇಯಸ್ಕರವಾದದ್ದು ಬೇರೊಂದಿಲ್ಲ ಎನ್ನುತ್ತಾನೆ. ಒಂದೇ ಶ್ಲೋಕದಲ್ಲಿ ಪದ ಎರಡು ಸಲ ಬಂದಿದೆ. ಪಟ್ಟಿಯ ಪದವನ್ನು ಹಾಕಿದರೆ ಅರ್ಜುನನು ತನ್ನ ಮತವನ್ನು ನೆನೆದು ಮತಯುದ್ಧಕ್ಕೆ ಹೊರಡಬೇಕಾಗುತ್ತದೆ. ಎದುರಿಗೆ ನಿಂತಿರುವವರು ಅವನ ಅಜ್ಜ, ಗುರು ಮತ್ತು ದಾಯಾದಿಗಳು. ಎರಡು ಸೈನ್ಯಗಳ ದೇವರುಗಳೂ ಬೇರೆಯಲ್ಲ. ಮತಕ್ಕಾಗಿ ನಡೆಯದ ಯುದ್ಧವನ್ನು ಒಂದು ಪದದಿಂದ ಮತಯುದ್ಧ ಮಾಡಿದ ಕೀರ್ತಿ ನಮ್ಮ ಕಚೇರಿಗೆ ಸಲ್ಲಬೇಕು.

ಸರಿ, ‘ಡ್ಯೂಟಿ’ ಎನ್ನೋಣವೇ? ಸ್ವಧರ್ಮಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ‘ಧರ್ಮ್ಯ’ವೆಂದರೆ ನ್ಯಾಯವಾದದ್ದು, ಕ್ರಮ ತಪ್ಪದ್ದು, ಅದಕ್ಕೆ ಡ್ಯೂಟಿಯನ್ನು ಹಚ್ಚಿದರೆ ಯುದ್ಧವೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಬಂದಂತೆ ಕೇಳಿಸುತ್ತದೆ. ‘ಲಾ’ ಎಂದರೆ ಧರ್ಮ್ಯಯುದ್ಧ ಹೇಗೋ ದಡ ಸೇರುತ್ತದೆ, ಸ್ವಧರ್ಮ ಮುಳುಗುತ್ತದೆ. ಒಬ್ಬೊಬ್ಬನಿಗೆ ಒಂದೊಂದು ಕಾನೂನು ಯಾರು ಬರೆದರು? ಕೊನೆಯ ಅಧ್ಯಾಯದ 66ನೆಯ ಶ್ಲೋಕಕ್ಕೆ ಬಂದಾಗ, ‘ಸರ್ವಧರ್ಮಗಳನ್ನೂ ಬಿಟ್ಟು ನನ್ನೊಬ್ಬನಿಗೆ ಶರಣಾಗು’ ಎಂಬ ಮಾತಿನಲ್ಲಿ ಅದೇ ಪದ ಬಹುವಚನದಲ್ಲಿ ನಿಂತಿದೆ. ಅಲ್ಲಿ ರಿಲಿಜನ್ ಎಂದರೆ ಮತಾಂತರದ ಕರೆ, ಡ್ಯೂಟಿ ಎಂದರೆ ಕೆಲಸಗಳ್ಳತನಕ್ಕೆ ಅಪ್ಪಣೆ, ಲಾ ಎಂದರೆ ಅರಾಜಕತೆ. ಬಿಡಬೇಕಾದದ್ದು ನಿಖರವಾಗಿ ಯಾವುದು ಎಂಬುದರ ಮೇಲೆಯೇ ಶಂಕರರು ಒಂದು ಬಗೆಯಾಗಿ, ರಾಮಾನುಜರು ಇನ್ನೊಂದು ಬಗೆಯಾಗಿ ಭಾಷ್ಯ ಬರೆದರು. ಅವರಿಗೆ ಖಾನೆಯ ಸೌಲಭ್ಯವಿರಲಿಲ್ಲ.

ಹಾಗಿದ್ದರೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಇಂಗ್ಲಿಷ್ ಪದ ಬಳಸಿ ಎಂದು ಅದೇ ಮೇಲಧಿಕಾರಿಗಳು ಎದ್ದು ನಿಂತು ಹೇಳಿದರು. ಒಳ್ಳೆಯ ಸಲಹೆಯೇ. ಆದರೆ ಅದರಿಂದ ಇನ್ನೊಂದು ನಷ್ಟವಿದೆ. ನನ್ನ ಮಾತಿನಲ್ಲಿ ಅವರು ಕೇಳಿಸಿಕೊಳ್ಳದೆ ಹೋದದ್ದು ಈ ಭಾಗವನ್ನೇ. ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ಬಿಲ್ಲು ಕೆಳಗಿಡುವುದು ಧರ್ಮಕ್ಕೆ ಹೆದರಿಯೇ ಹೊರತು ಸಾವಿಗೆ ಹೆದರಿ ಅಲ್ಲ: ಕುಲ ನಾಶವಾದರೆ ‘ಕುಲಧರ್ಮ’ಗಳು ನಾಶವಾಗುತ್ತವೆ ಎನ್ನುತ್ತಾನೆ. ಎರಡನೆಯ ಅಧ್ಯಾಯದ ಏಳನೆಯ ಶ್ಲೋಕದಲ್ಲಿ ಧರ್ಮದ ವಿಷಯದಲ್ಲಿ ನನ್ನ ಮನಸ್ಸು ಮಂಕಾಗಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅದಕ್ಕೆ ಕೃಷ್ಣ ಕೊಡುವ ಉತ್ತರ ‘ಸ್ವಧರ್ಮ’. ಎಂದರೆ ಧರ್ಮದ ಎದುರಿಗೆ ಧರ್ಮವೇ ನಿಂತಿದೆ. ನಾವು ದಿನನಿತ್ಯ ಧರ್ಮಸಂಕಟ ಎನ್ನುವುದು ಇದನ್ನೇ. ಈಗ ಕುಲಧರ್ಮವನ್ನು ಕುಟುಂಬದ ಸಂಪ್ರದಾಯವೆಂದೂ, ಸ್ವಧರ್ಮವನ್ನು ಕರ್ತವ್ಯವೆಂದೂ, ನಡುವಿನದನ್ನು ನೀತಿಯೆಂದೂ ಮೂರು ಇಂಗ್ಲಿಷ್ ಪದಗಳಲ್ಲಿ ಹಂಚಿಬಿಟ್ಟರೆ ಓದುವವನಿಗೆ ಕಾಣುವುದೇನು? ಮನೆಯ ಪದ್ಧತಿ ಒಂದು ಕಡೆ, ಕೆಲಸದ ಹೊಣೆ ಇನ್ನೊಂದು ಕಡೆ. ಹೊಣೆಯೇ ದೊಡ್ಡದೆಂದು ಅವನು ಕ್ಷಣದಲ್ಲಿ ತೀರ್ಪು ಕೊಟ್ಟು ಪುಟ ತಿರುಗಿಸುತ್ತಾನೆ. ಹದಿನೆಂಟು ಅಧ್ಯಾಯ ಏಕೆ ಬೇಕಾಯಿತೆಂಬುದೇ ಅವನಿಗೆ ತಿಳಿಯದು. ಒಂದೇ ಪದ ಇಟ್ಟರೆ ಅರ್ಥ ಕೆಡುತ್ತದೆ, ಹಲವು ಪದ ಇಟ್ಟರೆ ವಾದದ ಕೊಂಡಿ ಕಳಚುತ್ತದೆ. ಅದಕ್ಕೇ ನಾನು ಮೂಲಪದವನ್ನು ಉಳಿಸಿ ವಿವರಣೆ ಕೊಟ್ಟದ್ದು. ಅದಕ್ಕೇ ಅವರು ‘ಅನಗತ್ಯ’ ಎಂದದ್ದು.

ಈ ತೊಡಕು ಇಂಗ್ಲಿಷರ ಕಾಲದಲ್ಲಿ ಹುಟ್ಟಿದ್ದೂ ಅಲ್ಲ. ಪ್ರದರ್ಶನ ಶಾಸನಗಳದ್ದಾದ್ದರಿಂದ ಅಶೋಕನ ಕಂದಹಾರದ ಶಾಸನದ ಚಿತ್ರವನ್ನೂ ಸೇರಿಸಿ ಎಂದು ಬರಹದ ಕೊನೆಯಲ್ಲಿ ಸೂಚಿಸಿದ್ದೆ. 1958ರಲ್ಲಿ ಪತ್ತೆಯಾದ ಆ ಬಂಡೆಯ ಮೇಲೆ ಅವನ ಮಾತು ಗ್ರೀಕ್ ಮತ್ತು ಅರಮಾಯಿಕ್ ಎರಡರಲ್ಲೂ ಇದೆ. ‘ಧಮ್ಮ’ ಎನ್ನಬೇಕಾದ ಕಡೆ ಗ್ರೀಕ್ ಬರಹಗಾರ ‘ಯೂಸೆಬೆಯಾ’ ಎಂದ; ದೇವರಲ್ಲಿ, ಹಿರಿಯರಲ್ಲಿ ತೋರಬೇಕಾದ ಭಯಭಕ್ತಿ ಎಂದು ಅದರ ಅರ್ಥ. ಅರಮಾಯಿಕ್ ಬರಹಗಾರ ‘ಸತ್ಯ’ ಎಂಬ ಅರ್ಥದ ಪದವನ್ನು ಹಿಡಿದ. ಒಬ್ಬನೇ ದೊರೆ, ಒಂದೇ ಬಂಡೆ, ಎರಡು ಬೇರೆ ಪದ. ಇನ್ನು ಅಶೋಕನಾದರೋ ತನ್ನ ಸ್ತಂಭಶಾಸನವೊಂದರಲ್ಲಿ ಧಮ್ಮವೆಂದರೇನು ಎಂದು ತಾನೇ ಕೇಳಿಕೊಂಡು, ಪಾಪ ಕಡಿಮೆ, ಒಳ್ಳೆಯ ಕೆಲಸ ಹೆಚ್ಚು, ದಯೆ, ದಾನ, ಸತ್ಯ, ಶುಚಿ ಎಂದು ಉತ್ತರ ಹೇಳಿದ್ದಾನೆ. ನಾವು ಇಂದು ಮತ, ಪಂಥ ಎನ್ನುವುದಕ್ಕೆ ಅವನ ಬಳಿ ‘ಪಾಸಂಡ’ ಎಂಬ ಬೇರೆಯೇ ಪದವಿತ್ತು. ಎರಡನ್ನೂ ಬೆರೆಸಬಾರದೆಂಬ ವಿವೇಕ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಲಿಪಿಕಾರನಿಗೂ ಇತ್ತು. ಅವನಿಗೆ ಬಡ್ತಿ ಸಿಕ್ಕಿತ್ತೋ ಇಲ್ಲವೋ ತಿಳಿಯದು.

ಈ ಕಚೇರಿಯ ಸಾಧನೆ ಹೊಸದೇನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯರು ಬಾವಿಯೊಂದನ್ನು ಧರ್ಮಕ್ಕೆ ಬಿಟ್ಟ ಪತ್ರದ ಇಂಗ್ಲಿಷ್ ಪ್ರತಿಯಲ್ಲಿ ಅದು ‘ರಿಲಿಜಿಯಸ್ ವೆಲ್’ ಆಗಿ, ಎಲ್ಲರೂ ನೀರು ಸೇದಲೆಂದು ಬಿಟ್ಟ ಬಾವಿ ಯಾವ ದೇವಸ್ಥಾನದ್ದು ಎಂದು ತಿಳಿಸುವಂತೆ ನನಗೆ ನೋಟಿಸು ಬಂದಿತ್ತು. ಅದಕ್ಕೆ ಉತ್ತರ ಕೊಡಲು ಆರು ತಿಂಗಳು ಓಡಾಡಿದೆ. ಧರ್ಮಕ್ಕೆ ಸಿಕ್ಕಿತು ಎಂದರೆ ಬಿಟ್ಟಿಯಾಗಿ ಸಿಕ್ಕಿತು ಎಂದು ಕನ್ನಡದ ಮಗುವಿಗೂ ಗೊತ್ತು. ಜೇಬುಗಳ್ಳನಿಗೆ ಜನ ಕೊಡುವ ಧರ್ಮದೇಟನ್ನು ಈ ಪಟ್ಟಿಯಂತೆ ಭಾಷಾಂತರಿಸಿ ಪೊಲೀಸರಿಗೆ ಕೊಟ್ಟರೆ ಊರಿನಲ್ಲಿ ಕರ್ಫ್ಯೂ ಹಾಕಬೇಕಾದೀತು. ಅಷ್ಟೇಕೆ, ನಮ್ಮ ಸರ್ಕಾರದಲ್ಲೇ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಇಲಾಖೆ ಇದೆ. ಅದರ ಇಂಗ್ಲಿಷ್ ಹೆಸರಿನಲ್ಲಿ ಮೊದಲನೆಯದು ‘ರಿಲಿಜಿಯಸ್’, ಎರಡನೆಯದು ‘ಚಾರಿಟಬಲ್’. ಒಂದು ಫಲಕದ ಮೇಲೆಯೇ ಒಂದು ಪದಕ್ಕೆ ಎರಡು ಅರ್ಥ ಬೇಕಾಯಿತಲ್ಲ, ಪಟ್ಟಿ ಮಾಡಿದವರು ತಲೆಯೆತ್ತಿ ಫಲಕವನ್ನಾದರೂ ಓದಬಾರದಿತ್ತೇ?

ಆದ್ದರಿಂದ ಈ ಪಟ್ಟಿಯನ್ನು ಕೂಡಲೇ ಹಿಂತೆಗೆದುಕೊಳ್ಳಬೇಕು, ಹಿಂತೆಗೆದುಕೊಳ್ಳಲು ಮತ್ತೊಂದು ಸಭೆ ಬೇಕೆಂದಾದರೆ ‘ಧರ್ಮ’ದ ಎದುರಿನ ಖಾನೆಯನ್ನಾದರೂ ಖಾಲಿ ಬಿಡಬೇಕು, ಅದೂ ಆಗದಿದ್ದರೆ ನನ್ನ ಇಪ್ಪತ್ತಾರು ‘ಧರ್ಮ’ಗಳನ್ನೂ ಮೂರು ಸಾಲುಗಳನ್ನೂ ನನಗೆ ಮರಳಿಸಿ, ಆ ತಿದ್ದಿದ ಪ್ರತಿಯ ಕೆಳಗೆ ನನ್ನ ಹೆಸರಿನ ಬದಲು ಕೆಂಪು ಶಾಯಿಯವರ ಹೆಸರನ್ನೇ ಹಾಕಿಕೊಳ್ಳಬೇಕು. ನಿಮ್ಮ ವರದಿಗಾರರೂ ಮುಂದಿನ ಸಲ ಅಧಿಕಾರಿಗಳ ಮಾತನ್ನು ಅಚ್ಚು ಹಾಕುವ ಮೊದಲು ಆ ಬೆಂಚಿನ ಮೇಲೆ ಎರಡೂವರೆ ಗಂಟೆ ಕುಳಿತು ಬರಲಿ.

ಇಂತಿ,
ಬೇಸತ್ತ ಭಾಷಾಂತರಕಾರ